ಐವತ್ತು ಸೆಂಟ್ಸ್ ಜಾಗ, ನಾಲ್ಕು ಬಗೆಯ ಆಡಳಿತ: ಮನವಿಯಲ್ಲಿ ಯಾವುದನ್ನು ಕೇಳಬೇಕು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕೊರಗ ಕಾಲೊನಿಯೊಂದರ ಇಬ್ಬರು ಯುವಕರು ಕಳೆದ ತಿಂಗಳು ಒಂದು ಮನವಿಯ ಕರಡನ್ನು ತಂದು ನನ್ನ ಮೇಜಿನ ಮೇಲಿಟ್ಟರು. ರೂಲು ಹಾಳೆಯಲ್ಲಿ ನೀಲಿ ಶಾಯಿಯಿಂದ ಬರೆದಿದ್ದ ಅದರ ಮೂರನೇ ಸಾಲು ಹೀಗಿತ್ತು: "ನಮ್ಮ ಪ್ರದೇಶವನ್ನು ಸಂವಿಧಾನದ ಆರನೇ ಅನುಸೂಚಿಯಡಿ ಸ್ವಾಯತ್ತ ಮಂಡಳಿಯೆಂದು ಘೋಷಿಸಬೇಕು." ಆ ಸಾಲಿನ ಪಕ್ಕದಲ್ಲಿ ಬೇರೆ ಕೈಬರಹದಲ್ಲಿ "ಐದನೆಯದೋ ಆರನೆಯದೋ?" ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿತ್ತು. ಇದೇ ಗೊಂದಲವನ್ನು ಇನ್ನೊಂದು ದಿಕ್ಕಿನಿಂದ ಕನ್ನಡ ಶಾಲೆಗಳ ಪೋಷಕರೂ ನನ್ನಲ್ಲಿ ತೋಡಿಕೊಂಡಿದ್ದಾರೆ. ಗಡಿನಾಡಿನ ಕನ್ನಡಿಗರಿಗೂ ಅಂಥದ್ದೊಂದು ಮಂಡಳಿ ಸಿಗಬಾರದೇ ಎಂಬುದು ಅವರ ಪ್ರಶ್ನೆ. ಇಪ್ಪತ್ತು ವರ್ಷಗಳಿಂದ ದಸ್ತಾವೇಜು ಬರೆಯುವ ಕೆಲಸದಲ್ಲಿರುವ ನನಗೆ ಈ ವ್ಯವಸ್ಥೆಗಳ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಜಮೀನಿನ ಕಾಗದದಲ್ಲಿ. ಆದ್ದರಿಂದ ಒಂದೇ ಜಾಗವನ್ನು ನಾಲ್ಕು ಆಡಳಿತಗಳ ಕೆಳಗಿಟ್ಟು ನೋಡುತ್ತೇನೆ: ಸಾಮಾನ್ಯ ಜಿಲ್ಲೆ, ಬುಡಕಟ್ಟು ಪ್ರದೇಶಗಳ ಆಡಳಿತಕ್ಕೆಂದೇ ಸಂವಿಧಾನದಲ್ಲಿರುವ ಐದನೇ ಮತ್ತು ಆರನೇ ಅನುಸೂಚಿಗಳು, ಕೊನೆಗೆ ರಾಜ್ಯದ ಶಾಸನದಿಂದ ಹುಟ್ಟಿದ ಮಂಡಳಿ.

ಒಂದು ಬುಡಕಟ್ಟು ಕುಟುಂಬಕ್ಕೆ ಐವತ್ತು ಸೆಂಟ್ಸ್ ಜಾಗವಿದೆ ಎಂದುಕೊಳ್ಳಿ. ಪಕ್ಕದ ಅಡಿಕೆ ತೋಟದವರು ಅದನ್ನು ಕೊಳ್ಳಲು ಬರುತ್ತಾರೆ. ಮನೆಯಲ್ಲಿ ಆಸ್ಪತ್ರೆಯ ಸಾಲವಿದೆ. ಇಲ್ಲಿ ನಾವು ಕೇಳಬೇಕಾದ ಪ್ರಶ್ನೆಗಳು ಮೂರು. ಈ ಮಾರಾಟವನ್ನು ತಡೆಯುವ ಅಥವಾ ಬಿಡುವ ನಿಯಮವನ್ನು ಮಾಡುವವರು ಯಾರು? ಆ ನಿಯಮವನ್ನು ನಾಳೆ ಯಾರು, ಎಷ್ಟು ಸುಲಭವಾಗಿ ಬದಲಿಸಬಲ್ಲರು? ಸಾಲ ಮಾಡದೆ ಬದುಕುವಷ್ಟು ಶಾಲೆ, ಔಷಧಿ, ರಸ್ತೆ ಒದಗಿಸುವ ಹಣ ಆ ಆಡಳಿತದ ಕೈಗೆ ಎಲ್ಲಿಂದ ಬರುತ್ತದೆ? ಮಂಡಳಿಯ ಹೆಸರು, ಧ್ವಜ, ಕಚೇರಿಯ ಕಟ್ಟಡ ಇವೆಲ್ಲ ಈ ಮೂರು ಪ್ರಶ್ನೆಗಳ ನಂತರದ ಮಾತು.

ಮೊದಲು ನಾವು ನಿಂತಿರುವ ನೆಲವನ್ನೇ ನೋಡೋಣ. ಕಾಸರಗೋಡು ಒಂದು ಸಾಮಾನ್ಯ ಜಿಲ್ಲೆ. ಕೇರಳದಲ್ಲಾಗಲಿ, ಕರ್ನಾಟಕದಲ್ಲಾಗಲಿ, ತಮಿಳುನಾಡಿನಲ್ಲಾಗಲಿ ಐದನೇ ಅನುಸೂಚಿಯ ಪ್ರದೇಶವಿಲ್ಲ. ಮಹಾರಾಷ್ಟ್ರ ಮತ್ತು ಆಂಧ್ರಪ್ರದೇಶಗಳಲ್ಲಿ ಇದ್ದರೂ ಕನ್ನಡಿಗರು ಹೆಚ್ಚಾಗಿರುವ ಸೊಲ್ಲಾಪುರ, ಸಾಂಗ್ಲಿ, ಕೊಲ್ಹಾಪುರ, ಅನಂತಪುರದ ಭಾಗಗಳು ಅದರೊಳಗಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಐವತ್ತು ಸೆಂಟ್ಸನ್ನು ಕಾಯುವುದು ರಾಜ್ಯದ ಕಾನೂನು ಮಾತ್ರ. ಬುಡಕಟ್ಟಿನವರು ಬೇರೆಯವರಿಗೆ ಜಮೀನು ಮಾರಬೇಕಾದರೆ ಸಕ್ಷಮ ಅಧಿಕಾರಿಯ ಲಿಖಿತ ಪೂರ್ವಾನುಮತಿ ಬೇಕು. ಅದಿಲ್ಲದ ಕ್ರಯ ಅಸಿಂಧು. ಮೊದಲ ಪ್ರಶ್ನೆಗೆ ಇದು ಕೆಟ್ಟ ಉತ್ತರವೇನಲ್ಲ. ತೊಂದರೆ ಇರುವುದು ಎರಡನೆಯದರಲ್ಲಿ.

ಕೇರಳ ವಿಧಾನಸಭೆ 1975ರಲ್ಲಿ ಬುಡಕಟ್ಟಿನವರ ಜಮೀನಿನ ಪರಭಾರೆಯನ್ನು ನಿರ್ಬಂಧಿಸುವ ಮತ್ತು ಕೈತಪ್ಪಿದ ಜಮೀನನ್ನು ಮರಳಿಸುವ ಕಾನೂನನ್ನು ಮಾಡಿತು. ಅದರ ನಿಯಮಗಳು ಬಂದದ್ದು 1986ರಲ್ಲಿ. ಅಷ್ಟರೊಳಗೆ ಕೈಬದಲಾದ ಜಮೀನುಗಳಲ್ಲಿ ಕೃಷಿಕರು ನೆಲೆಯೂರಿದ್ದರು, ಮರಳಿಸುವ ಆದೇಶವನ್ನು ಜಾರಿ ಮಾಡುವ ಧೈರ್ಯ ಸರ್ಕಾರಗಳಿಗೆ ಬರಲಿಲ್ಲ. 1996ರಲ್ಲಿ ಕಾನೂನನ್ನೇ ಸಡಿಲಿಸುವ ಮಸೂದೆ ಅಂಗೀಕಾರವಾಯಿತು. ರಾಷ್ಟ್ರಪತಿಗಳ ಅಂಕಿತ ಅದಕ್ಕೆ ದೊರೆಯಲಿಲ್ಲ. ಬಳಿಕ 1999ರಲ್ಲಿ ಕೃಷಿಭೂಮಿ ರಾಜ್ಯದ ವಿಷಯವೆಂಬ ಆಧಾರದ ಮೇಲೆ ಹೊಸ ಕಾನೂನು ಬಂತು. 1960ರಿಂದ 1986ರ ಜನವರಿ 24ರವರೆಗೆ ನಡೆದ ಪರಭಾರೆಗಳಲ್ಲಿ ಎರಡು ಹೆಕ್ಟೇರಿನ ಮಿತಿಯೊಳಗಿನ ಜಮೀನು ಕೊಂಡವರ ಕೈಯಲ್ಲೇ ಉಳಿಯುತ್ತದೆ, ಕಳೆದುಕೊಂಡವರಿಗೆ ಬದಲಿ ಜಮೀನು ಕೊಡಲಾಗುತ್ತದೆ ಎಂಬುದು ಅದರ ಸಾರ. 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಒಂದು ಜಿಲ್ಲೆಯೊಳಗಿನ ಒಂದು ಸಣ್ಣ ಸಮುದಾಯದ ಜಮೀನಿನ ರಕ್ಷಣೆ ಇಡೀ ರಾಜ್ಯದ ಬಹುಮತಕ್ಕೆ ಬಿಟ್ಟಾಗ ಏನಾಗುತ್ತದೆ ಎಂಬುದು ಇಷ್ಟರಲ್ಲಿ ಕಾಣುತ್ತದೆ. ಇದು ನನ್ನನ್ನು ಇವತ್ತಿಗೂ ನೋಯಿಸುವ ಸಂಗತಿ, ಏಕೆಂದರೆ ಬದಲಿ ಜಮೀನೆಂಬುದು ಅಜ್ಜಿಯ ದೈವಸ್ಥಾನವಿದ್ದ ಜಮೀನಲ್ಲ.

ಆದರೆ ಮೂರನೇ ಪ್ರಶ್ನೆಯಲ್ಲಿ, ಅಂದರೆ ಹಣದಲ್ಲಿ, ಕೇರಳದ ಸಾಮಾನ್ಯ ಜಿಲ್ಲೆಗಳು ಹಿಂದುಳಿದಿಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯ ನಂತರ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ಪಂಚಾಯತುಗಳಿಗೆ ಹೋಗುತ್ತದೆ, ಬುಡಕಟ್ಟು ಉಪಯೋಜನೆಯ ಹಣದಲ್ಲೂ ಒಂದು ಪಾಲು ಅವುಗಳ ಮೂಲಕವೇ ಬರುತ್ತದೆ. ಕಾಲೊನಿಯ ಜನ ಸೇರುವ ಊರುಕೂಟಕ್ಕೆ ಅದರಲ್ಲಿ ಮಾತಿದೆ. ರಾಜ್ಯ ಹಣಕಾಸು ಆಯೋಗ ಐದು ವರ್ಷಕ್ಕೊಮ್ಮೆ ಪಂಚಾಯತುಗಳ ಪಾಲನ್ನು ನಿರ್ಧರಿಸುವುದು ಸಂವಿಧಾನದ ಕಡ್ಡಾಯ. ಈ ಭದ್ರತೆಯನ್ನು ಮುಂದೆ ಆರನೇ ಅನುಸೂಚಿಯೊಂದಿಗೆ ಹೋಲಿಸುವಾಗ ನೆನಪಿನಲ್ಲಿಟ್ಟುಕೊಳ್ಳಿ.

ಈಗ ಅದೇ ಜಾಗವನ್ನು ಆಂಧ್ರದ ಏಜೆನ್ಸಿ ಪ್ರದೇಶಕ್ಕೆ, ಪಾಡೇರು ಕಡೆಯ ಗುಡ್ಡಗಳಿಗೆ ಒಯ್ಯೋಣ. ಅದು ಐದನೇ ಅನುಸೂಚಿಯ ನೆಲ. ಇಂಥ ಪ್ರದೇಶವನ್ನು ರಾಷ್ಟ್ರಪತಿಗಳು ಆದೇಶದ ಮೂಲಕ ಘೋಷಿಸುತ್ತಾರೆ; ಸದ್ಯ ಹತ್ತು ರಾಜ್ಯಗಳಲ್ಲಿವೆ. ಅಲ್ಲೂ ಆಡಳಿತ ರಾಜ್ಯ ಸರ್ಕಾರದ್ದೇ, ಪ್ರತ್ಯೇಕ ಶಾಸನಸಭೆ ಇಲ್ಲ. ಆದರೆ ರಾಜ್ಯಪಾಲರಿಗೆ ಎರಡು ವಿಶೇಷ ಅಧಿಕಾರಗಳಿವೆ. ಸಂಸತ್ತಿನ ಅಥವಾ ವಿಧಾನಸಭೆಯ ಯಾವುದೇ ಕಾನೂನು ಆ ಪ್ರದೇಶಕ್ಕೆ ಅನ್ವಯಿಸದು ಎನ್ನಬಹುದು, ಅಥವಾ ತಿದ್ದಿ ಅನ್ವಯಿಸಬಹುದು. ಜಮೀನು ಪರಭಾರೆ ಮತ್ತು ಲೇವಾದೇವಿಯ ಮೇಲೆ, ಬುಡಕಟ್ಟು ಸಲಹಾ ಮಂಡಳಿಯನ್ನು ಕೇಳಿ, ರಾಷ್ಟ್ರಪತಿಗಳ ಒಪ್ಪಿಗೆಯೊಂದಿಗೆ ಸ್ವತಂತ್ರ ನಿಯಮಾವಳಿಯನ್ನೇ ಮಾಡಬಹುದು. ಆ ಸಲಹಾ ಮಂಡಳಿಯಲ್ಲಿ ಇಪ್ಪತ್ತರವರೆಗೆ ಸದಸ್ಯರು, ಅವರಲ್ಲಿ ಸಾಧ್ಯವಾದಷ್ಟೂ ಮುಕ್ಕಾಲು ಭಾಗ ಬುಡಕಟ್ಟು ಶಾಸಕರು.

ಆಂಧ್ರದಲ್ಲಿ ಈ ಅಧಿಕಾರದಿಂದ ಬಂದದ್ದು 1959ರ ಒಂದನೇ ನಿಯಮಾವಳಿ ಮತ್ತು ಅದಕ್ಕೆ 1970ರಲ್ಲಿ ಆದ ತಿದ್ದುಪಡಿ. ದಸ್ತಾವೇಜು ಬರೆಯುವವನಾಗಿ ಹೇಳುತ್ತೇನೆ, ಅಷ್ಟು ಬಿಗಿಯಾದ ನಿಯಮವನ್ನು ನಾನು ಬೇರೆಲ್ಲೂ ಓದಿಲ್ಲ. ನಮ್ಮ ಕಾನೂನು ಮಾರುವವನು ಬುಡಕಟ್ಟಿನವನೇ ಎಂದು ನೋಡುತ್ತದೆ. ಅಲ್ಲಿಯ ನಿಯಮ ಕೊಳ್ಳುವವನು ಯಾರೆಂದು ನೋಡುತ್ತದೆ. ಏಜೆನ್ಸಿಯೊಳಗಿನ ಜಮೀನನ್ನು ಯಾರೇ ಮಾರಲಿ, ಕೊಳ್ಳುವವನು ಬುಡಕಟ್ಟಿನವನೇ ಆಗಿರಬೇಕು. ಹೊರಗಿನವನೊಬ್ಬ ಇನ್ನೊಬ್ಬ ಹೊರಗಿನವನಿಗೆ ಮಾರುವುದಕ್ಕೂ ಅವಕಾಶವಿಲ್ಲ. ಹೊರಗಿನವರ ಕೈಯಲ್ಲಿ ಜಮೀನಿದ್ದರೆ, ಅದು ಬುಡಕಟ್ಟಿನವರಿಂದ ಬಂದದ್ದೆಂದೇ ಮೊದಲು ಭಾವಿಸಲಾಗುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ಹಿಡಿದವನ ಮೇಲಿದೆ. ನಮ್ಮ ಅಡಿಕೆ ತೋಟದವರು ಅಲ್ಲಿಗೆ ಹೋದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವ ಕೆಲಸವೇ ಇಲ್ಲ. 1997ರ ಸಮತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನೂ ವಿಸ್ತರಿಸಿ, ಸರ್ಕಾರವೂ ಅಲ್ಲಿಯ ಜಮೀನನ್ನು ಖಾಸಗಿ ಗಣಿ ಕಂಪನಿಗೆ ಗುತ್ತಿಗೆ ಕೊಡುವಂತಿಲ್ಲ ಎಂದಿತು.

ಹಾಗಾದರೆ ಅಲ್ಲಿ ಜಮೀನು ಕೈತಪ್ಪುತ್ತಿಲ್ಲವೇ? ತಪ್ಪುತ್ತದೆ, ಬೇರೆ ದಾರಿಯಲ್ಲಿ. ಹೊರಗಿನವನು ಬಿಳಿ ಕಾಗದದ ಮೇಲೆ ಒಪ್ಪಂದ ಬರೆಸಿಕೊಂಡು ಸಾಗುವಳಿ ಮಾಡುತ್ತಾನೆ, ಅಥವಾ ಬುಡಕಟ್ಟಿನ ಹೆಂಗಸನ್ನು ಮದುವೆಯಾಗಿ ಅವಳ ಹೆಸರಿನಲ್ಲಿ ಕೊಳ್ಳುತ್ತಾನೆ. ಇದನ್ನು ಗುರುತಿಸುವುದು ಹೇಗೆಂದರೆ, ದಾಖಲೆಯಲ್ಲಿ ಒಂದು ಹೆಸರು, ಬೆಳೆ ಸಾಲದ ಪುಸ್ತಕದಲ್ಲಿ ಇನ್ನೊಂದು, ಫಸಲು ಮಾರುವ ಚೀಟಿಯಲ್ಲಿ ಮೂರನೆಯದು. ಕಟ್ಟುನಿಟ್ಟಾದ ನಿಯಮದ ಇನ್ನೊಂದು ಬೆಲೆಯೂ ಇದೆ: ಆಸ್ಪತ್ರೆಯ ಸಾಲವಿರುವ ಕುಟುಂಬಕ್ಕೆ ಕೊಳ್ಳುವವರು ಸ್ವಜನರು ಮಾತ್ರವಾದಾಗ ಜಮೀನಿನ ಬೆಲೆ ಇಳಿಯುತ್ತದೆ, ಬ್ಯಾಂಕು ಅಡಮಾನಕ್ಕೆ ಹಿಂಜರಿಯುತ್ತದೆ. ಜಮೀನು ಉಳಿಯುತ್ತದೆ, ತಕ್ಷಣದ ನಗದು ಸಿಗುವುದಿಲ್ಲ. ಈ ಕೊಡುಕೊಳೆಯನ್ನು ಕಾಲೊನಿಯವರು ಮುಂಚಿತವಾಗಿ ಕೂತು ಮಾತಾಡಬೇಕು.

ಐದನೇ ಅನುಸೂಚಿಯ ಪ್ರದೇಶಗಳಿಗೆ 1996ರಲ್ಲಿ ಪಂಚಾಯತ್ ವಿಸ್ತರಣಾ ಕಾಯ್ದೆ, ಅಂದರೆ ಪೆಸಾ, ಬಂತು. ಅದರ ಗಟ್ಟಿ ಅಂಶವೆಂದರೆ ಗ್ರಾಮವೆಂಬುದಕ್ಕೆ ಅದು ಕೊಡುವ ಅರ್ಥ: ಕಂದಾಯ ಗ್ರಾಮವಲ್ಲ, ಒಂದು ಸಮುದಾಯ ತನ್ನ ಕಟ್ಟುಕಟ್ಟಳೆಯಂತೆ ಬದುಕುವ ಹಾಡಿ ಅಥವಾ ಹಾಡಿಗಳ ಗುಂಪು. ಆ ಹಾಡಿಯ ಗ್ರಾಮಸಭೆಗೆ ಕಿರು ಅರಣ್ಯ ಉತ್ಪನ್ನದ ಒಡೆತನ, ಸಣ್ಣ ಖನಿಜದ ಗುತ್ತಿಗೆಗೆ ಮುಂಚಿತ ಶಿಫಾರಸು, ಲೇವಾದೇವಿಯ ಮೇಲೆ ಹತೋಟಿ, ಅನ್ಯಾಯವಾಗಿ ಹೋದ ಜಮೀನನ್ನು ಮರಳಿಸುವ ಅಧಿಕಾರ ಇವೆ. ದುರ್ಬಲ ಅಂಶವೆಂದರೆ ಭೂಸ್ವಾಧೀನಕ್ಕೆ ಮುನ್ನ ಸಭೆಯನ್ನು "ಸಮಾಲೋಚಿಸಬೇಕು" ಎಂದಷ್ಟೇ ಇದೆ, ಒಪ್ಪಿಗೆ ಬೇಕು ಎಂದಿಲ್ಲ. ಮೇಲಾಗಿ ನಿಯಮಗಳನ್ನು ರಾಜ್ಯವೇ ಮಾಡಬೇಕು. ಮಧ್ಯಪ್ರದೇಶ ಮತ್ತು ಛತ್ತೀಸಗಢ ಅವುಗಳನ್ನು ಮಾಡಿದ್ದು 2022ರಲ್ಲಿ, ಕಾಯ್ದೆ ಬಂದು ಇಪ್ಪತ್ತಾರು ವರ್ಷಗಳ ನಂತರ.

ಯುವಕರು ಕರಡಿನಲ್ಲಿ ಬರೆದಿದ್ದ ಆರನೇ ಅನುಸೂಚಿಗೆ ಈಗ ಬರುತ್ತೇನೆ. ಇದು ಅಸ್ಸಾಂ, ಮೇಘಾಲಯ, ತ್ರಿಪುರ, ಮಿಜೋರಾಂಗಳ ಬುಡಕಟ್ಟು ಪ್ರದೇಶಗಳಿಗೆ ಮಾತ್ರ. ಒಟ್ಟು ಹತ್ತು ಸ್ವಾಯತ್ತ ಜಿಲ್ಲಾ ಮಂಡಳಿಗಳಿವೆ. ಸಾಮಾನ್ಯವಾಗಿ ಮೂವತ್ತು ಸದಸ್ಯರನ್ನು ಮೀರದ, ನಾಲ್ವರನ್ನು ಮೀರದಂತೆ ರಾಜ್ಯಪಾಲರ ನಾಮನಿರ್ದೇಶಿತರನ್ನು ಹೊಂದಿರುವ ಈ ಮಂಡಳಿ ಜಿಲ್ಲಾ ಪಂಚಾಯತಿಗಿಂತ ಬೇರೆಯಾಗುವುದು ಒಂದು ಕಾರಣಕ್ಕೆ: ಅದು ಕಾನೂನು ಮಾಡಬಲ್ಲದು. ಮೀಸಲು ಅರಣ್ಯವಲ್ಲದ ಜಮೀನಿನ ಹಂಚಿಕೆ ಮತ್ತು ಬಳಕೆ, ಗ್ರಾಮಾಡಳಿತ, ಆಸ್ತಿಯ ವಾರಸುದಾರಿಕೆ, ಮದುವೆ, ವಿಚ್ಛೇದನ, ಸಾಮಾಜಿಕ ಪದ್ಧತಿ ಇವೆಲ್ಲ ಅದರ ವ್ಯಾಪ್ತಿಯಲ್ಲಿವೆ. ಬುಡಕಟ್ಟಿನವರ ನಡುವಿನ ವ್ಯಾಜ್ಯಗಳಿಗೆ ಗ್ರಾಮ ನ್ಯಾಯಾಲಯಗಳನ್ನು ಸ್ಥಾಪಿಸಬಹುದು, ಭೂಕಂದಾಯ ವಸೂಲು ಮಾಡಬಹುದು, ಖನಿಜದ ರಾಯಧನದಲ್ಲಿ ಪಾಲು ಪಡೆಯಬಹುದು. ಪ್ರಾಥಮಿಕ ಶಾಲೆಯಲ್ಲಿ ಯಾವ ಭಾಷೆಯಲ್ಲಿ ಕಲಿಸಬೇಕೆಂಬುದನ್ನೂ, ರಾಜ್ಯಪಾಲರ ಪೂರ್ವಾನುಮತಿಯೊಂದಿಗೆ, ಮಂಡಳಿಯೇ ನಿಗದಿಪಡಿಸಬಹುದು. ಶಾಲೆಗಳಲ್ಲಿ ಮಲಯಾಳಂ ಕಲಿಕೆಯನ್ನು ಕಡ್ಡಾಯಗೊಳಿಸಿದ 2017ರ ಕೇರಳದ ಕಾನೂನಿನ ಸಮಯದಲ್ಲಿ ಬೀದಿಗಿಳಿದಿದ್ದ ನಮ್ಮ ಕನ್ನಡ ಶಾಲೆಗಳ ಪೋಷಕರಿಗೆ ಈ ಸಾಲು ಆಸೆ ಹುಟ್ಟಿಸುವುದು ಸಹಜವೇ.

ಆ ಐವತ್ತು ಸೆಂಟ್ಸನ್ನು ಶಿಲ್ಲಾಂಗಿನ ಸುತ್ತಿನ ಖಾಸಿ ಬೆಟ್ಟಗಳಲ್ಲಿಟ್ಟರೆ, ಹೊರಗಿನವರಿಗೆ ಮಾರಲು ಸಕ್ಷಮ ಅಧಿಕಾರಿಯ ಪೂರ್ವ ಮಂಜೂರಾತಿ ಬೇಕು. ಗಮನಿಸಿ, ಈ ತಡೆ ಬಂದದ್ದು 1971ರ ಮೇಘಾಲಯ ಭೂ ಪರಭಾರೆ ಕಾನೂನಿನಿಂದ, ಅಂದರೆ ರಾಜ್ಯದ ಶಾಸನದಿಂದಲೇ. ಮಂಡಳಿಯ ಕೈ ಬೇರೆಡೆ ಕಾಣುತ್ತದೆ: ಅಡಿಕೆ ವ್ಯಾಪಾರಕ್ಕೆಂದು ಹೊರಗಿನವನೊಬ್ಬ ಅಲ್ಲಿ ಅಂಗಡಿ ತೆರೆದರೆ ಮಂಡಳಿಯಿಂದ ವ್ಯಾಪಾರ ಪರವಾನಗಿ ಪಡೆಯಬೇಕು. ಹೊರಗಿನವರ ಲೇವಾದೇವಿ ಮತ್ತು ವ್ಯಾಪಾರವನ್ನು ನಿಯಂತ್ರಿಸುವ ಈ ಅಧಿಕಾರ ಸಂವಿಧಾನವೇ ಕೊಟ್ಟದ್ದು, ಆದರೆ ಅಂಥ ನಿಯಮಕ್ಕೆ ಮಂಡಳಿಯ ಮುಕ್ಕಾಲು ಸದಸ್ಯರ ಬೆಂಬಲ ಬೇಕು.

ಎರಡನೇ ಪ್ರಶ್ನೆಯಲ್ಲಿ ಆರನೇ ಅನುಸೂಚಿ ಬಲವಾದದ್ದೇ, ಆದರೆ ಜನ ಅಂದುಕೊಂಡಷ್ಟು ಅಲ್ಲ. ಮಂಡಳಿಯ ಪ್ರತಿ ಕಾನೂನೂ ರಾಜ್ಯಪಾಲರ ಒಪ್ಪಿಗೆಯಿಲ್ಲದೆ ಜಾರಿಗೆ ಬರದು. ಮಂಡಳಿಯನ್ನು ವಿಸರ್ಜಿಸುವ ಅಧಿಕಾರವೂ ಅವರಿಗಿದೆ. ಅಸ್ಸಾಮಿನಲ್ಲಿ ಮಂಡಳಿಯ ವಿಷಯಗಳ ಮೇಲಿನ ರಾಜ್ಯ ಕಾನೂನು ಮಂಡಳಿ ಹೇಳಿದರಷ್ಟೇ ಅನ್ವಯಿಸುತ್ತದೆ. ಮೇಘಾಲಯದಲ್ಲಿ ಇದು ತಿರುಗುಮುರುಗಾಗಿ, ಎರಡೂ ಡಿಕ್ಕಿ ಹೊಡೆದರೆ ರಾಜ್ಯದ ಕಾನೂನೇ ಗೆಲ್ಲುತ್ತದೆ. ಒಳಗಿನ ಕಷ್ಟವೂ ಇದೆ. ಖಾಸಿ ಮಂಡಳಿ 2018ರಲ್ಲಿ, ಹೊರಗಿನವನನ್ನು ಮದುವೆಯಾದ ಖಾಸಿ ಹೆಂಗಸು ತನ್ನ ಖಾಸಿ ಸ್ಥಾನವನ್ನು ಕಳೆದುಕೊಳ್ಳುವಂತೆ ಮಸೂದೆಯನ್ನು ಅಂಗೀಕರಿಸಿತು. ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಸಮುದಾಯದಲ್ಲೇ ಇದು ನಡೆಯಿತು. ಪದ್ಧತಿಯ ಮೇಲೆ ಕಾನೂನು ಮಾಡುವ ಅಧಿಕಾರ ಕೇಳುವಾಗ, ಮನವಿಯ ಸಭೆಯಲ್ಲಿ ಹೆಂಗಸರು ಕೂತಿದ್ದಾರೆಯೇ ಎಂದು ನೋಡಿಕೊಳ್ಳಬೇಕಾದದ್ದು ಇದಕ್ಕೇ.

ಹಣದ ವಿಷಯದಲ್ಲಿ ಆರನೇ ಅನುಸೂಚಿ ನಮ್ಮ ಪಂಚಾಯತಿಗಿಂತ ದುರ್ಬಲ. ಸಂವಿಧಾನದ ಪಂಚಾಯತ್ ಅಧ್ಯಾಯ ಆ ಪ್ರದೇಶಗಳಿಗೆ ಅನ್ವಯಿಸದ ಕಾರಣ ರಾಜ್ಯ ಹಣಕಾಸು ಆಯೋಗದ ಕಡ್ಡಾಯವೂ ಅಲ್ಲಿಲ್ಲ. ಗಾರೊ ಬೆಟ್ಟಗಳ ಮಂಡಳಿಯ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಮುಷ್ಕರ ಹೂಡಿದ್ದು ಮತ್ತೆ ಮತ್ತೆ ಸುದ್ದಿಯಾಗಿದೆ. ಈ ಕೊರತೆಯನ್ನು ತುಂಬಲೆಂದೇ 2019ರಲ್ಲಿ ರಾಜ್ಯಸಭೆಯಲ್ಲಿ ಸಂವಿಧಾನದ 125ನೇ ತಿದ್ದುಪಡಿ ಮಸೂದೆ ಮಂಡನೆಯಾಯಿತು.

ನಾಲ್ಕನೆಯ ಬಗೆ ರಾಜ್ಯದ ಶಾಸನದಿಂದ ಹುಟ್ಟಿದ ಸ್ವಾಯತ್ತ ಮಂಡಳಿ. ಅಸ್ಸಾಮಿನ ಮಿಸಿಂಗ್, ರಾಭಾ ಹಾಸೊಂಗ್, ತಿವಾ ಮಂಡಳಿಗಳು 1995ರ ಶಾಸನಗಳವು; ಡಾರ್ಜಿಲಿಂಗಿನ ಗೂರ್ಖಾ ಪ್ರಾದೇಶಿಕ ಆಡಳಿತವೂ ಈ ಜಾತಿಯದೇ. ಇವುಗಳಿಗೆ ಇಲಾಖೆಗಳ ಹಸ್ತಾಂತರವಿದೆ, ಕಾನೂನು ಮಾಡುವ ಅಧಿಕಾರವಿಲ್ಲ, ಆದ್ದರಿಂದ ನಮ್ಮ ಐವತ್ತು ಸೆಂಟ್ಸಿನ ಮೇಲೆ ಇವುಗಳ ಮಾತು ನಡೆಯುವುದಿಲ್ಲ. ಹುಟ್ಟಿಸಿದ ವಿಧಾನಸಭೆಯೇ ತಿದ್ದಬಹುದು, ತೆಗೆಯಬಹುದು. ಆದರೂ ಇದನ್ನು ಕಡೆಗಣಿಸಲಾರೆ, ಏಕೆಂದರೆ ಮೇಲೇರುವ ಮೆಟ್ಟಿಲಾಗಿ ಇದು ಕೆಲಸ ಮಾಡಿದೆ. ತ್ರಿಪುರದ ಬುಡಕಟ್ಟು ಮಂಡಳಿ 1979ರ ರಾಜ್ಯ ಶಾಸನದಿಂದ ಆರಂಭವಾಗಿ, 49ನೇ ತಿದ್ದುಪಡಿಯ ನಂತರ 1985ರಲ್ಲಿ ಆರನೇ ಅನುಸೂಚಿಯೊಳಗೆ ಬಂತು. ಬೋಡೊ ಮಂಡಳಿಯೂ 1993ರಲ್ಲಿ ರಾಜ್ಯ ಶಾಸನದಿಂದ ಹುಟ್ಟಿ, 2003ರಲ್ಲಿ ಸಂವಿಧಾನದ ನೆಲೆಗೆ ಏರಿತು. ಈ ಎರಡೂ ಕಡೆ ಒಟ್ಟಾಗಿ ಗುರುತಿಸಬಹುದಾದ ನೆಲ ಮತ್ತು ಅದರ ಮೇಲೆ ದೊಡ್ಡ ಬುಡಕಟ್ಟು ಜನಸಂಖ್ಯೆ ಇದ್ದವು.

ನಮ್ಮ ಜಿಲ್ಲೆಯ ಲೆಕ್ಕ ತಪ್ಪುವುದು ಅಲ್ಲಿಯೇ. ಕಾಸರಗೋಡಿನಲ್ಲಿ ಪರಿಶಿಷ್ಟ ಪಂಗಡದವರು 2011ರ ಗಣತಿಯಂತೆ ಶೇಕಡಾ 4ರೊಳಗೆ. ಕೊರಗರು, ಮಾವಿಲರು, ಮಲೆವೇಟ್ಟುವರು, ಮರಾಟಿಗಳು ಬೇರೆ ಬೇರೆ ಪಂಚಾಯತುಗಳಲ್ಲಿ ಚದುರಿದ್ದಾರೆ. ಆರನೇ ಅನುಸೂಚಿ ಬೇಕೆಂದರೆ ಸಂಸತ್ತು ಅನುಸೂಚಿಯನ್ನೇ ತಿದ್ದಬೇಕು, ಮತ್ತು ಹಾಗೆ ರಚಿಸಿದ ಮಂಡಳಿಯಲ್ಲಿ ಬುಡಕಟ್ಟಿನವರೇ ಅಲ್ಪಸಂಖ್ಯಾತರಾಗುತ್ತಾರೆ. ಯುವಕರ ಮೂರನೇ ಸಾಲನ್ನು ನಾನು ಹೊಡೆದುಹಾಕಲು ಹೇಳಿದ್ದು ಇದೇ ಕಾರಣಕ್ಕೆ. ಐದನೇ ಅನುಸೂಚಿಯ ಘೋಷಣೆಗೆ ಬಹುಸಂಖ್ಯೆ, ಅಡಕವಾದ ನೆಲ, ಆಡಳಿತಕ್ಕೆ ತಕ್ಕ ಗಾತ್ರ, ಹಿಂದುಳಿದಿರುವಿಕೆ ಎಂಬ ಮಾನದಂಡಗಳನ್ನು ನೋಡಲಾಗುತ್ತದೆ. ಇಡೀ ಜಿಲ್ಲೆಯಾಗಿ ನಾವು ಸೋಲುತ್ತೇವೆ, ವಾರ್ಡು ಅಥವಾ ಕಾಲೊನಿಗಳ ಗುಂಪಾಗಿ ಕೇಳಲು ಆಧಾರವಿದೆ. 2001ರಲ್ಲಿ ತಿರುವನಂತಪುರದಲ್ಲಿ ಆದಿವಾಸಿಗಳು ನಡೆಸಿದ ಹೋರಾಟದ ಕೊನೆಗೆ, ಬುಡಕಟ್ಟು ಪ್ರದೇಶಗಳನ್ನು ಐದನೇ ಅನುಸೂಚಿಗೆ ಸೇರಿಸುವಂತೆ ಕೇಂದ್ರವನ್ನು ಕೇಳುವುದಾಗಿ ಕೇರಳ ಸರ್ಕಾರ ಒಪ್ಪಿತ್ತು. ಆ ಮಾತನ್ನು ಹಿಡಿದು ಕೇಳುವುದು ಹೊಸದಾಗಿ ಮಂಡಳಿ ಕೇಳುವುದಕ್ಕಿಂತ ಹತ್ತಿರದ ದಾರಿ.

ಅದಕ್ಕಿಂತಲೂ ಹತ್ತಿರದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಇದಕ್ಕೆ ಯಾವ ಅನುಸೂಚಿಯೂ ಬೇಡ, ಕಾಸರಗೋಡಿನಲ್ಲಿ ಇವತ್ತೇ ಜಾರಿಯಲ್ಲಿದೆ. ಅರಣ್ಯದ ನೆಲದಲ್ಲಿ ಬದುಕುವ ಕುಟುಂಬಕ್ಕೆ ಇದರಡಿ ಸಿಗುವ ಹಕ್ಕು ಮಕ್ಕಳಿಗೆ ಇಳಿಯುತ್ತದೆ, ಆದರೆ ಯಾರಿಗೂ ಮಾರಲು ಬರುವುದಿಲ್ಲ. ಕೊರಗರು ವಿಶೇಷವಾಗಿ ದುರ್ಬಲ ಬುಡಕಟ್ಟಿನ ಪಟ್ಟಿಯಲ್ಲಿರುವ ಕಾರಣ ವಾಸನೆಲೆಯ ಹಕ್ಕನ್ನೂ ಕೇಳಬಹುದು. ಕಾಲೊನಿ ಕಂದಾಯ ಜಮೀನಿನಲ್ಲಿದ್ದರೆ ಇದು ಉಪಯೋಗಕ್ಕೆ ಬಾರದು, ಆಗ ಐದನೇ ಅನುಸೂಚಿಯ ಬೇಡಿಕೆಯೇ ಮುಖ್ಯ. ಆದ್ದರಿಂದ ಮನವಿಗೆ ಮೊದಲು ವಿಲೇಜ್ ಆಫೀಸಿನಲ್ಲಿ ತೀರ್ವೆ ರಶೀದಿ ನೋಡಿ, ಜಾಗ ಅರಣ್ಯದ್ದೋ ಕಂದಾಯದ್ದೋ ಎಂದು ತಿಳಿದುಕೊಳ್ಳಬೇಕು.

ಕನ್ನಡ ಶಾಲೆಯ ಪೋಷಕರಿಗೆ ನನ್ನ ಉತ್ತರ ಬೇರೆ. ಐದನೇ ಮತ್ತು ಆರನೇ ಅನುಸೂಚಿಗಳು ಬುಡಕಟ್ಟಿನ ಆಧಾರದ ಮೇಲೆ ನಿಂತಿವೆ, ಭಾಷೆಯ ಮೇಲಲ್ಲ. ಭಾಷಾ ಅಲ್ಪಸಂಖ್ಯಾತರು ಅವನ್ನು ಕೇಳಿದರೆ ಮನವಿ ಮೊದಲ ಮೇಜಿನಲ್ಲೇ ನಿಲ್ಲುತ್ತದೆ. ಅವರ ಆಯುಧ 350ಎ ವಿಧಿ, ಅಂದರೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆ, ಮತ್ತು ಕನ್ನಡದಲ್ಲಿ ಸರ್ಕಾರದೊಡನೆ ಪತ್ರ ವ್ಯವಹಾರಕ್ಕೆ ಅವಕಾಶ ಕೊಡುವ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ. ತಮ್ಮ ಮನವಿಯನ್ನು ಕನ್ನಡದಲ್ಲೇ ಕೊಟ್ಟು ಕನ್ನಡದಲ್ಲೇ ಉತ್ತರ ಕೇಳುವುದರಿಂದ ಆರಂಭಿಸಬಹುದು.

ಯುವಕರು ಹೋಗುವ ಮುನ್ನ ಮೂರನೇ ಸಾಲನ್ನು ಹೀಗೆ ತಿದ್ದಿ ಬರೆದುಕೊಂಡರು: "ಕೆಳಗೆ ನಮೂದಿಸಿದ ಕಾಲೊನಿಗಳನ್ನು ಐದನೇ ಅನುಸೂಚಿಯ ಪ್ರದೇಶವೆಂದು ಘೋಷಿಸುವಂತೆ ಶಿಫಾರಸು ಮಾಡಬೇಕು, ಅದುವರೆಗೆ ಇಲ್ಲಿಯ ಜಮೀನಿನ ಪರಭಾರೆಗೆ ಊರುಕೂಟದ ಅಭಿಪ್ರಾಯ ಪಡೆಯದೆ ಅನುಮತಿ ನೀಡಬಾರದು." ಅದರ ಕೆಳಗೆ ಲಗತ್ತುಗಳ ಸಾಲಿನಲ್ಲಿ ಊರುಕೂಟದ ನಿರ್ಣಯ, ಮನೆಗಳ ಮತ್ತು ಜನರ ಪಟ್ಟಿ, ಸರ್ವೆ ನಂಬರುಗಳು, ವಾರ್ಡಿನ ನಕ್ಷೆ ಎಂದು ಬರೆದರು. ನಕ್ಷೆಯನ್ನು ಅಳೆದು ಬರೆಯಲು ಮುಂದಿನ ಭಾನುವಾರ ನಾನೂ ಹೋಗುತ್ತೇನೆ.